ಹಿಮ್ಮಡಿ ಊರಿದ ಕುಕ್ಕುರುಗಾಲು: ಯಾವ ಕೀಲು, ಯಾವ ಸ್ನಾಯು ಅವಕಾಶ ಕೊಡಬೇಕು?

ಕಳೆ ಕೀಳುವುದು, ಶೇಂಗಾ ಬಿಡಿಸುವುದು, ಸಸಿಮಡಿಯಿಂದ ಸಸಿ ಕೀಳುವುದು, ಹಾಲು ಕರೆಯುವುದು ಮುಂತಾದ ಅನೇಕ ಕೆಲಸಗಳನ್ನು ನಮ್ಮ ರೈತರು ಕುಕ್ಕುರುಗಾಲಿನಲ್ಲಿ ಕುಳಿತೇ ಮಾಡುತ್ತಾರೆ. ಕೆಲಸದ ನಡುವೆ ಬದುವಿನ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವಾಗಲೂ ಹೀಗೆಯೇ ಕೂರುವವರು ಬಹಳ ಮಂದಿ. ಹಸಿ ನೆಲದಲ್ಲಿ ಬಟ್ಟೆ ಕೊಳೆಯಾಗದಂತೆ, ಮಣೆ ಚಾಪೆಗಳ ಹಂಗಿಲ್ಲದೆ ಎಲ್ಲಿ ಬೇಕಾದರೂ ದಣಿವಾರಿಸಿಕೊಳ್ಳಲು ಇದಕ್ಕಿಂತ ಸುಲಭವಾದ ಭಂಗಿ ಇನ್ನೊಂದಿಲ್ಲ. ಆದರೆ ನಲವತ್ತು ದಾಟಿದ ಮೇಲೆ, ಅಥವಾ ಕಾಲಿಗೆ ಪೆಟ್ಟಾಗಿ ವಾಸಿಯಾದ ಮೇಲೆ, "ಮೊದಲಿನ ಹಾಗೆ ಕೂರಲು ಆಗುತ್ತಿಲ್ಲ, ಹಿಂದಕ್ಕೆ ಬೀಳುವ ಹಾಗಾಗುತ್ತದೆ" ಎನ್ನುವವರೂ ಇದ್ದಾರೆ. ಇಂಥವರು ಸಾಮಾನ್ಯವಾಗಿ ಮಂಡಿಯನ್ನು ದೂರುತ್ತಾರೆ. ಅನೇಕ ವೇಳೆ ತೊಡಕು ಇರುವುದು ಮಂಡಿಯಲ್ಲಲ್ಲ, ಅದಕ್ಕೂ ಕೆಳಗೆ, ಪಾದ ಮತ್ತು ಕೆಳಗಾಲು ಕೂಡುವ ಹರಡಿನ ಕೀಲಿನಲ್ಲಿ. ಇದನ್ನು ಮನೆಯಲ್ಲಿಯೇ ಕಂಡುಕೊಳ್ಳುವುದು ಹೇಗೆ, ಕಂಡುಕೊಂಡ ಮೇಲೆ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎರಡು ಬಗೆಯ ಕುಕ್ಕುರುಗಾಲು

ಕುಕ್ಕುರುಗಾಲಿನಲ್ಲಿ ಎರಡು ಬಗೆಗಳಿವೆ. ಹಿಮ್ಮಡಿಯನ್ನು ಮೇಲೆತ್ತಿ, ಮುಂಗಾಲು ಮತ್ತು ಬೆರಳುಗಳ ಮೇಲಷ್ಟೇ ಭಾರ ಹಾಕಿ ಕೂರುವುದು ಒಂದು. ಹಾಲು ಕರೆಯುವಾಗ ಮೊಳಕಾಲುಗಳ ನಡುವೆ ಪಾತ್ರೆ ಹಿಡಿದು ಅನೇಕರು ಕೂರುವುದು ಹೀಗೆ. ಇದರಲ್ಲಿ ದೇಹಕ್ಕಿರುವ ಆಧಾರ ಅಂಗೈಯಷ್ಟು ಜಾಗ ಮಾತ್ರ. ಮೀನಖಂಡದ ಸ್ನಾಯುಗಳು ಎಡೆಬಿಡದೆ ಬಿಗಿದುಕೊಂಡಿರಬೇಕಾಗುತ್ತದೆ. ಆದ್ದರಿಂದ ಇದು ಕೆಲಸದ ಭಂಗಿಯೇ ಹೊರತು ವಿಶ್ರಾಂತಿಯ ಭಂಗಿಯಲ್ಲ.

ಎರಡನೆಯದು ಹಿಮ್ಮಡಿ ಸಹಿತ ಇಡೀ ಅಂಗಾಲನ್ನು ನೆಲಕ್ಕೆ ಊರಿ, ಪೃಷ್ಠವನ್ನು ಹಿಮ್ಮಡಿಗಳ ಸಮೀಪಕ್ಕೆ ಇಳಿಸಿ, ತೊಡೆಯ ಹಿಂಭಾಗವು ಮೀನಖಂಡದ ಮೇಲೆ ಒರಗುವಂತೆ ಕೂರುವುದು. ಇಲ್ಲಿ ತೊಡೆಯ ಭಾರವನ್ನು ಮೀನಖಂಡವೇ ದಿಂಬಿನಂತೆ ಹೊರುತ್ತದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳು ಬಹುಮಟ್ಟಿಗೆ ಸಡಿಲವಾಗುತ್ತವೆ. ಆದ್ದರಿಂದಲೇ ಅಭ್ಯಾಸವಿರುವವರು ಈ ಭಂಗಿಯಲ್ಲಿ ಮಾತನಾಡುತ್ತ ಬಹಳ ಹೊತ್ತು ಕೂರಬಲ್ಲರು. ಹಾಗೆಂದು ಕಾಲಿನ ಸ್ನಾಯುಗಳು ಇಲ್ಲಿ ಪೂರ್ತಿಯಾಗಿ ಮಲಗಿಬಿಡುವುದಿಲ್ಲ. ಟಾಂಜಾನಿಯಾ ದೇಶದಲ್ಲಿ ಬೇಟೆ ಮತ್ತು ಗೆಡ್ಡೆಗೆಣಸುಗಳಿಂದ ಬದುಕುವ ಹಡ್ಜಾ ಜನರನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕುರ್ಚಿಯಲ್ಲಿ ಕೂತಾಗಿನದಕ್ಕಿಂತ ಕುಕ್ಕುರುಗಾಲಿನಲ್ಲಿ ಕೂತಾಗ ಕಾಲಿನ ಸ್ನಾಯುಗಳು ಹೆಚ್ಚು ಚಟುವಟಿಕೆಯಿಂದ ಇರುವುದು ಕಂಡುಬಂದಿತು. ಅಂದರೆ ಇದು ಸ್ನಾಯುಗಳು ಸ್ವಲ್ಪ ಎಚ್ಚರವಾಗಿರುವ ವಿಶ್ರಾಂತಿ.

ಈ ಎರಡನೆಯ ಬಗೆಯನ್ನೇ ಮುಂದೆ ಕುಕ್ಕುರುಗಾಲು ಎಂದು ಕರೆಯಲಾಗಿದೆ.

ದೇಹದ ಭಾರ ಎಲ್ಲಿ ಬೀಳಬೇಕು?

ಗಾಡಿಗೆ ಹೊರೆ ಹೇರುವಾಗ ಭಾರವು ಅಚ್ಚಿನ ಹಿಂದೆ ಹೆಚ್ಚಾದರೆ ಮೂಕಿ ಮೇಲಕ್ಕೇಳುವುದನ್ನು ಎಲ್ಲರೂ ನೋಡಿದ್ದಾರೆ. ಕೂರುವಾಗಲೂ ಇದೇ ನಿಯಮ. ದೇಹದ ಒಟ್ಟು ಭಾರದ ಕೇಂದ್ರವು ಅಂಗಾಲಿನ ಮೇಲ್ಭಾಗದಲ್ಲಿಯೇ ಇರಬೇಕು. ಅದು ಹಿಮ್ಮಡಿಯನ್ನು ದಾಟಿ ಹಿಂದಕ್ಕೆ ಹೋದರೆ ಮನುಷ್ಯ ಹಿಂದಕ್ಕೆ ಉರುಳುತ್ತಾನೆ.

ಪೃಷ್ಠವನ್ನು ಕೆಳಗಿಳಿಸಿದಾಗ ಅದು ಹಿಮ್ಮಡಿಗಿಂತ ಹಿಂದಕ್ಕೆ ಹೋಗಲೇಬೇಕು. ಹೀಗೆ ಹಿಂದಕ್ಕೆ ಹೋದ ಭಾರವನ್ನು ಸರಿದೂಗಿಸಲು ಮೊಳಕಾಲುಗಳು ಮತ್ತು ಮುಂಡ ಮುಂದಕ್ಕೆ ಬರಬೇಕು. ಮೊಳಕಾಲು ಮುಂದಕ್ಕೆ ಬರಬೇಕಾದರೆ ಕೆಳಗಾಲು ಪಾದದ ಮೇಲೆ ಮುಂದಕ್ಕೆ ಬಾಗಬೇಕು. ಕೆಳಗಾಲು ನೆಟ್ಟಗೆ ನಿಂತುಬಿಟ್ಟರೆ, ಮಂಡಿ ಮತ್ತು ಸೊಂಟ ಎಷ್ಟೇ ಮಡಿಸಿದರೂ ಭಾರ ಹಿಂದೆಯೇ ಉಳಿಯುತ್ತದೆ. ಆಗ ಮನುಷ್ಯನಿಗೆ ಎರಡೇ ದಾರಿ: ಹಿಂದಕ್ಕೆ ಬೀಳುವುದು, ಇಲ್ಲವೆ ಹಿಮ್ಮಡಿ ಎತ್ತಿ ತುದಿಗಾಲಿನ ಮೇಲೆ ಬರುವುದು. ಮಂಡಿಯೂ ಸೊಂಟವೂ ಚೆನ್ನಾಗಿರುವ ಮನುಷ್ಯ ಹಿಂದಕ್ಕೆ ಬೀಳುವುದರ ಗುಟ್ಟು ಇಷ್ಟೇ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕೈಯಲ್ಲಿ ಏನಾದರೂ ಭಾರ ಹಿಡಿದು ಮುಂದಕ್ಕೆ ಚಾಚಿದರೆ ಕೂರಲಾಗದವರೂ ಕೂರಬಲ್ಲರು. 60 ಕಿಲೋ ತೂಕದ ವ್ಯಕ್ತಿ 5 ಕಿಲೋ ಭಾರವನ್ನು ದೇಹದ ಭಾರಕೇಂದ್ರದಿಂದ 50 ಸೆಂ.ಮೀ. ಮುಂದೆ ಹಿಡಿದನೆಂದುಕೊಳ್ಳೋಣ. ಒಟ್ಟು 65 ಕಿಲೋ ಭಾರದ ಕೇಂದ್ರವು ಸುಮಾರು 4 ಸೆಂ.ಮೀ. ಮುಂದಕ್ಕೆ ಸರಿಯುತ್ತದೆ. ಹಿಮ್ಮಡಿಯ ಅಂಚಿನಲ್ಲಿ ತೂಗಾಡುತ್ತಿದ್ದವನಿಗೆ ಅಷ್ಟೇ ಸಾಕು. ಆದ್ದರಿಂದ ಕೀಲನ್ನು ಪರೀಕ್ಷಿಸುವಾಗ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕೂರಬೇಕು. ಕೈ ಚಾಚಿ ಕೂತರೆ, ಕಂಬ ಹಿಡಿದು ಕೂತರೆ, ಬಿಗಿಯಾದ ಕೀಲೂ ಸಡಿಲವಾಗಿರುವಂತೆ ತೋರುತ್ತದೆ.

ಹರಡಿನ ಕೀಲು

ಹರಡಿನ ಕೀಲನ್ನು ನೊಗದ ಗೂಟಗಳ ನಡುವೆ ಸಿಕ್ಕಿದ ಎತ್ತಿನ ಕೊರಳಿನಂತೆ ಊಹಿಸಿಕೊಳ್ಳಬಹುದು. ಕೆಳಗಾಲಿನ ಎರಡು ಮೂಳೆಗಳು ಒಳಗೂ ಹೊರಗೂ ಗಿಣ್ಣುಗಳಾಗಿ ಇಳಿದು, ನಡುವೆ ಪಾದದ ಮೇಲಿನ ಮೂಳೆಯೊಂದನ್ನು ಹಿಡಿದಿವೆ. ಈ ಮೂಳೆ ಹಿಂದೆ ಸಣ್ಣದಾಗಿ, ಮುಂದೆ ಅಗಲವಾಗಿ, ಬೆಣೆಯ ಆಕಾರದಲ್ಲಿದೆ. ಕೆಳಗಾಲು ಮುಂದಕ್ಕೆ ಬಾಗಿದಂತೆಲ್ಲ ಬೆಣೆಯ ಅಗಲವಾದ ಭಾಗ ಗಿಣ್ಣುಗಳ ನಡುವೆ ಸೇರುತ್ತದೆ. ಮೂಳೆಗಳನ್ನು ಕಟ್ಟಿಹಾಕಿರುವ ನಾರುಗಳು ಸ್ವಲ್ಪ ಹಿಗ್ಗಿ ಅವಕಾಶ ಕೊಡಬೇಕು. ಕಾಲು ಮುರಿದು ವಾಸಿಯಾದವರಲ್ಲಿ, ಹರಡು ಪದೇ ಪದೇ ಉಳುಕಿದವರಲ್ಲಿ ಈ ನಾರುಗಳು ಗಡುಸಾಗಿ, ಬೆಣೆ ಒಳಸೇರದಂತೆ ತಡೆಯುತ್ತವೆ.

ಹಿಮ್ಮಡಿ ಊರಿ ಪೂರ್ತಿ ಕೂರಲು ಕೆಳಗಾಲು ನೆಟ್ಟನೆಯ ಸ್ಥಿತಿಯಿಂದ ಸುಮಾರು 35 ಡಿಗ್ರಿಯಷ್ಟು ಮುಂದಕ್ಕೆ ಬಾಗಬೇಕಾಗುತ್ತದೆ. ತೊಡೆ ಉದ್ದವಾಗಿ ಮುಂಡ ಗಿಡ್ಡವಾಗಿರುವವರಿಗೆ ಇನ್ನೂ ಸ್ವಲ್ಪ ಹೆಚ್ಚು, ಅದಕ್ಕೆ ವಿರುದ್ಧವಾದ ಮೈಕಟ್ಟಿನವರಿಗೆ ಸ್ವಲ್ಪ ಕಡಿಮೆ. ಪಾದಗಳನ್ನು ತುಸು ಅಗಲಿಸಿ, ಬೆರಳುಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಕೂತರೂ ಬೇಡಿಕೆ ಕೊಂಚ ತಗ್ಗುತ್ತದೆ.

ಬಾಲ್ಯದಿಂದ ಹೀಗೆ ಕೂತವರ ಮೂಳೆಗಳ ಮೇಲೆ ಗುರುತೇ ಉಳಿಯುತ್ತದೆ. ಲಾಹೋರಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಅವರು ಪಂಜಾಬಿನ ಜನರ ಕಾಲಿನ ಮೂಳೆಗಳನ್ನು ಪರಿಶೀಲಿಸಿ 1893ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಕೆಳಗಾಲಿನ ಮೂಳೆಯ ಕೆಳತುದಿಯ ಮುಂದಣ ಅಂಚಿನಲ್ಲಿಯೂ, ಅದು ಬಾಗಿ ತಾಗುವ ಪಾದದ ಮೂಳೆಯ ಮೇಲೆಯೂ ನುಣುಪಾದ ಸಣ್ಣ ಮುಖಗಳು ಇರುವುದನ್ನು ಅವರು ವರ್ಣಿಸಿದರು. ಎರಡು ಮೂಳೆಗಳು ಕುಕ್ಕುರುಗಾಲಿನಲ್ಲಿ ಒಂದಕ್ಕೊಂದು ತಾಗಿ ಉಂಟಾಗುವ ಗುರುತು ಇದೆಂದು ತಿಳಿಯಲಾಗಿದೆ. ಹಳೆಯ ಅಸ್ಥಿಪಂಜರಗಳು ದೊರೆತಾಗ, ಆ ಜನ ಹೇಗೆ ಕೂರುತ್ತಿದ್ದರೆಂದು ಊಹಿಸಲು ಇಂದಿಗೂ ತಜ್ಞರು ಈ ಗುರುತನ್ನು ಹುಡುಕುತ್ತಾರೆ.

ಮೀನಖಂಡದ ಎರಡು ಪದರ

ಕೀಲು ಸರಿಯಿದ್ದರೂ ಹಿಂದಿನಿಂದ ಹಿಡಿದೆಳೆಯುವ ಸ್ನಾಯು ಬಿಗಿಯಾಗಿದ್ದರೆ ಕೆಳಗಾಲು ಬಾಗುವುದಿಲ್ಲ. ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲ್ಪದರದ ಉಬ್ಬಿದ ಸ್ನಾಯು ಮಂಡಿಯ ಮೇಲಿನಿಂದ, ಅಂದರೆ ತೊಡೆಯ ಮೂಳೆಯಿಂದ ಹೊರಡುತ್ತದೆ. ಅದರ ಅಡಿಯಲ್ಲಿರುವ ಚಪ್ಪಟೆಯಾದ ಒಳಸ್ನಾಯು ಮಂಡಿಯ ಕೆಳಗಿನಿಂದಲೇ ಹೊರಡುತ್ತದೆ. ಎರಡೂ ಕೆಳಗೆ ಒಂದೇ ದಪ್ಪ ನರಹಗ್ಗದಂತಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಂಡಿವೆ.

ಈ ವ್ಯತ್ಯಾಸ ಬಹಳ ಮುಖ್ಯವಾದುದು. ಮಂಡಿ ಮಡಿಸಿದಾಗ ಮೇಲ್ಪದರದ ಸ್ನಾಯುವಿನ ಎರಡು ತುದಿಗಳು ಹತ್ತಿರವಾಗಿ ಅದು ತಾನಾಗಿಯೇ ಸಡಿಲಗೊಳ್ಳುತ್ತದೆ. ಒಳಸ್ನಾಯುವಿಗೆ ಮಂಡಿಯ ಸಂಬಂಧವೇ ಇಲ್ಲ. ಮಂಡಿ ಮಡಿಸಿದರೂ ಅದಕ್ಕೆ ಸಡಿಲ ದೊರೆಯದು. ಆದ್ದರಿಂದ ಕುಕ್ಕುರುಗಾಲಿಗೆ ಅಡ್ಡಬರುವ ಸ್ನಾಯು ಹೆಚ್ಚಾಗಿ ಒಳಸ್ನಾಯುವೇ. ಗೋಡೆಗೆ ಕೈಕೊಟ್ಟು, ಹಿಂದಿನ ಕಾಲನ್ನು ನೆಟ್ಟಗೆ ಚಾಚಿ ಮೀನಖಂಡವನ್ನು ಎಳೆಯುವ ವ್ಯಾಯಾಮವನ್ನು ಅನೇಕರು ಮಾಡುತ್ತಾರೆ. ಮಂಡಿ ನೆಟ್ಟಗಿರುವಾಗ ಆ ಎಳೆತದ ಬಹುಪಾಲು ಮೇಲ್ಪದರಕ್ಕೆ ಸೇರುತ್ತದೆ. ತಿಂಗಳುಗಟ್ಟಲೆ ಹಾಗೆ ಮಾಡಿಯೂ ಕೂರಲಾಗಲಿಲ್ಲವೆಂದರೆ ಆಶ್ಚರ್ಯವಿಲ್ಲ. ಎಳೆಯಬೇಕಾದುದು ಮಂಡಿ ಮಡಿಸಿದ ಸ್ಥಿತಿಯಲ್ಲಿ.

ಕೆಳಗಾಲಿನ ಮುಂಬದಿಯ ಸ್ನಾಯುವನ್ನೂ ಇಲ್ಲಿ ಗಮನಿಸಬೇಕು. ಪಾದವನ್ನು ಮೇಲೆತ್ತುವುದು ಇದರ ಕೆಲಸ. ಕೂತಾಗ ದೇಹವು ಹಿಂದಕ್ಕೆ ಉರುಳದಂತೆ ಕೆಳಗಾಲನ್ನು ಮುಂದಕ್ಕೆ ಎಳೆದು ಹಿಡಿಯುವುದೂ ಇದೇ. ಹರಡು ಬಿಗಿಯಾಗಿರುವವರಲ್ಲಿ ಈ ಸ್ನಾಯುವಿಗೆ ಬಿಡುವೇ ಇರುವುದಿಲ್ಲ. ಕೂತಾಗ ಹರಡಿನ ಮುಂದೆ ಹಗ್ಗದಂತೆ ಬಿಗಿದ ನಾರು ಎದ್ದು ಕಂಡರೆ, ಕಾಲ್ಬೆರಳುಗಳು ನೆಲ ಬಿಟ್ಟು ಮೇಲಕ್ಕೆದ್ದರೆ, ಎರಡು ನಿಮಿಷಗಳಲ್ಲಿಯೇ ಮುಂಗಾಲಿನ ಮೇಲ್ಭಾಗದ ಮಾಂಸ ಉರಿಯತೊಡಗಿದರೆ, ಆ ವ್ಯಕ್ತಿ ವಿಶ್ರಮಿಸುತ್ತಿಲ್ಲ, ಬೀಳದಂತೆ ಹೋರಾಡುತ್ತಿದ್ದಾನೆ ಎಂದು ತಿಳಿಯಬೇಕು.

ಮಂಡಿ, ತೊಡೆಸಂದು ಮತ್ತು ಬೆನ್ನು

ಕುರ್ಚಿಯಲ್ಲಿ ಕೂತಾಗ ಮಂಡಿ ಸುಮಾರು 90 ಡಿಗ್ರಿ ಮಡಿಯುತ್ತದೆ. ಕುಕ್ಕುರುಗಾಲಿನಲ್ಲಿ ಅದು ಸುಮಾರು 150 ಡಿಗ್ರಿ, ಕೆಲವರಲ್ಲಿ ಇನ್ನೂ ಹೆಚ್ಚು ಮಡಿಯಬೇಕು. ಮಂಡಿಯಲ್ಲಿ ನೀರು ತುಂಬಿಕೊಂಡಿದ್ದರೆ, ಒಳಗಿನ ಮೆತ್ತನೆಯ ಬಿಲ್ಲೆ ಹರಿದಿದ್ದರೆ, ಅಥವಾ ಸವೆತದಿಂದ ಮೂಳೆಯ ಅಂಚಿನಲ್ಲಿ ಮುಳ್ಳುಗಳು ಬೆಳೆದಿದ್ದರೆ ಕೊನೆಯ ಮಡಿಕೆ ಸಾಧ್ಯವಾಗುವುದಿಲ್ಲ. ಇಂಥವರಿಗೆ ನೋವು ಮಂಡಿಯ ಒಳಗೇ ಅಥವಾ ಹಿಂದಿನ ಸಂದಿಯಲ್ಲಿ ಕಾಣುತ್ತದೆ. ಹಿಮ್ಮಡಿಯ ಕೆಳಗೆ ಏನನ್ನಿಟ್ಟರೂ ಅವರಿಗೆ ಪ್ರಯೋಜನವಾಗದು.

ತೊಡೆಸಂದಿನಲ್ಲಿ ತೊಡೆಯು ಹೊಟ್ಟೆಯವರೆಗೆ ಮಡಿಯಬೇಕು. ತೊಡೆಗಳನ್ನು ಅಗಲಿಸಿದರೆ ಹೊಟ್ಟೆಗೂ ಮುಂಡಕ್ಕೂ ನಡುವೆ ಜಾಗ ದೊರೆಯುವುದರಿಂದ ಇದು ಸುಲಭವಾಗುತ್ತದೆ. ಹಾಗೆ ಅಗಲಿಸಲು ತೊಡೆಯ ಒಳಬದಿಯ ಸ್ನಾಯುಗಳೂ, ಪೃಷ್ಠದ ದೊಡ್ಡ ಸ್ನಾಯುವೂ ಹಿಗ್ಗಬೇಕು. ತೊಡೆಯ ಮೂಳೆಯ ಗುಂಡು ಕೂರುವ ಬಟ್ಟಲಿನ ಆಳ ಎಲ್ಲರಲ್ಲಿಯೂ ಒಂದೇ ಆಗಿರುವುದಿಲ್ಲ. ಬಟ್ಟಲು ಆಳವಾಗಿರುವವರಲ್ಲಿ ಮೂಳೆಗೆ ಮೂಳೆ ತಾಗಿ ಬೇಗ ತಡೆಯುತ್ತದೆ. ಇದನ್ನು ಯಾವ ವ್ಯಾಯಾಮವೂ ಬದಲಿಸಲಾರದು. ಅವರು ಪಾದಗಳನ್ನು ಇನ್ನಷ್ಟು ಅಗಲಿಸಿ ಕೂರುವುದೇ ದಾರಿ.

ತೊಡೆಯ ಹಿಂಬದಿಯ ಸ್ನಾಯುಗಳು ಬಿಗಿಯಾಗಿರುವುದರಿಂದ ಕೂರಲಾಗುವುದಿಲ್ಲ ಎಂಬ ನಂಬಿಕೆ ಸಾಮಾನ್ಯ. ನಿಂತು ಬಗ್ಗಿ ಪಾದ ಮುಟ್ಟಲು ಆ ಸ್ನಾಯುಗಳು ಹಿಗ್ಗಬೇಕು, ನಿಜ. ಆದರೆ ಅವು ತೊಡೆಸಂದನ್ನೂ ಮಂಡಿಯನ್ನೂ ದಾಟಿ ಹೋಗುವುದರಿಂದ ಮಂಡಿ ಮಡಿದೊಡನೆ ಸಡಿಲವಾಗುತ್ತವೆ. ಬಗ್ಗಿ ಪಾದ ಮುಟ್ಟಲಾರದ ಎಷ್ಟೋ ಮಂದಿ ನಿರಾಯಾಸವಾಗಿ ಕುಕ್ಕುರುಗಾಲಿನಲ್ಲಿ ಕೂರುವುದು ಇದೇ ಕಾರಣದಿಂದ.

ಕೊನೆಯಲ್ಲಿ ಸೊಂಟದ ಬೆನ್ನು. ಪೃಷ್ಠವು ಕೆಳಗಿಳಿದಾಗ ಬೆನ್ನಿನ ಕೆಳಭಾಗ ಸ್ವಲ್ಪ ಗೂನಾಗುವುದು ಸಹಜ. ಬರಿಮೈಯಲ್ಲಿ ಕೂತು ವಿಶ್ರಮಿಸುವಾಗ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಅದೇ ಭಂಗಿಯಲ್ಲಿ ಗೊಬ್ಬರದ ಚೀಲ ಎತ್ತಹೋಗುವುದು ಬೇರೆ ಮಾತು. ಹಾಗೆ ಮಾಡಬಾರದು.

ಗೋಡೆಯ ಪರೀಕ್ಷೆ

ತೊಡಕು ಹರಡಿನಲ್ಲಿದೆಯೇ ಎಂದು ತಿಳಿಯಲು ಒಂದು ಗೋಡೆ ಮತ್ತು ಮಕ್ಕಳ ಅಳತೆಪಟ್ಟಿ ಸಾಕು. ಬರಿಗಾಲಿನಲ್ಲಿ ಗೋಡೆಗೆ ಎದುರಾಗಿ ನಿಂತು ಒಂದು ಪಾದವನ್ನು ಮುಂದಿಡಬೇಕು. ಹಿಮ್ಮಡಿಯನ್ನು ಕಿಂಚಿತ್ತೂ ಎತ್ತದೆ ಆ ಕಾಲಿನ ಮೊಳಕಾಲನ್ನು ಮುಂದಕ್ಕೆ ಬಾಗಿಸಿ ಗೋಡೆಗೆ ಮುಟ್ಟಿಸಬೇಕು. ಮುಟ್ಟಿದರೆ ಪಾದವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಪ್ರಯತ್ನಿಸಬೇಕು. ಹಿಮ್ಮಡಿ ಊರಿದಂತೆಯೇ ಮೊಳಕಾಲು ಗೋಡೆಗೆ ಮುಟ್ಟುವ ಅತಿ ದೂರದ ಸ್ಥಾನದಲ್ಲಿ, ಹೆಬ್ಬೆರಳ ತುದಿಯಿಂದ ಗೋಡೆಗಿರುವ ಅಂತರವನ್ನು ಅಳೆಯಬೇಕು. ಮೊಳಕಾಲು ಎರಡನೆಯ ಬೆರಳಿನ ನೇರಕ್ಕೇ ಹೋಗಲಿ. ಒಳಕ್ಕೆ ವಾಲಿದರೆ ಅಂಗಾಲಿನ ಕಮಾನು ಕುಸಿದು ಸುಳ್ಳು ಅಳತೆ ಬರುತ್ತದೆ. ಹಿಮ್ಮಡಿ ಎದ್ದಿದೆಯೇ ಎಂದು ಇನ್ನೊಬ್ಬರು ಕಾಗದದ ಚೂರನ್ನು ತೂರಿಸಿ ನೋಡಿದರೆ ಒಳ್ಳೆಯದು.

ಈ ಅಂತರದಲ್ಲಿ ಒಂದು ಸೆಂ.ಮೀ. ಎಂದರೆ ಹರಡಿನ ಬಾಗುವಿಕೆಯಲ್ಲಿ ಸುಮಾರು 3.6 ಡಿಗ್ರಿ. 10 ಸೆಂ.ಮೀ. ಅಥವಾ ಹೆಚ್ಚು ಇದ್ದರೆ ಹರಡು ಕುಕ್ಕುರುಗಾಲಿಗೆ ಸಾಕಷ್ಟು ಸಡಿಲವಿದೆ ಎನ್ನಬಹುದು. ಅದಕ್ಕಿಂತ ಬಹಳ ಕಡಿಮೆಯಿದ್ದರೆ, ಅಥವಾ ಎರಡು ಕಾಲುಗಳ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ತೊಡಕು ಇಲ್ಲಿಯೇ ಇದೆ.

ಅಳತೆಯಷ್ಟೇ ಮುಖ್ಯವಾದುದು, ಕೊನೆಯ ಹಂತದಲ್ಲಿ ಬಿಗಿತ ಎಲ್ಲಿ ಕಾಣುತ್ತದೆ ಎಂಬುದು. ಮೀನಖಂಡದ ಕೆಳಭಾಗದಲ್ಲಿ, ಹಿಮ್ಮಡಿಯ ನರದ ಮೇಲೆ ಸೆಳೆತವಾದರೆ ತಡೆಯುತ್ತಿರುವುದು ಸ್ನಾಯು. ಅದನ್ನು ಎಳೆದು ಸಡಿಲಿಸಬಹುದು. ಹಾಗಲ್ಲದೆ ಹರಡಿನ ಮುಂದೆ ಚಿವುಟಿದಂತೆ, ಏನೋ ಸಿಕ್ಕಿಕೊಂಡಂತೆ ಆದರೆ ತಡೆಯುತ್ತಿರುವುದು ಕೀಲು. ಅಲ್ಲಿ ಬಲವಂತವಾಗಿ ಬಾಗಿಸಿದರೆ ನೋವು ಮತ್ತು ಊತ ಹೆಚ್ಚುತ್ತವೆಯೇ ಹೊರತು ಕೀಲು ಸಡಿಲವಾಗುವುದಿಲ್ಲ.

ಒಂದು ಉದಾಹರಣೆ

ಅಳತೆಗಳನ್ನು ಹೇಗೆ ಬಳಸಬೇಕೆಂಬುದನ್ನು ತಿಳಿಯಲು 45 ವರ್ಷದ ಒಬ್ಬ ರೈತನ ಸ್ಥಿತಿಯನ್ನು ಊಹಿಸಿಕೊಳ್ಳೋಣ. ಅವನ ಬಲಗಾಲಿನ ಗಿಣ್ಣು ಮುರಿದು, ಆರು ವಾರ ಪ್ಲಾಸ್ಟರ್ ಕಟ್ಟಿಸಿಕೊಂಡು, ಮೂಳೆ ಚೆನ್ನಾಗಿ ಕೂಡಿಕೊಂಡಿದೆ. ನಡೆಯಲು ಅಡ್ಡಿಯಿಲ್ಲ. ಆದರೆ ಕೂತರೆ ಬಲ ಹಿಮ್ಮಡಿ ಏಳುತ್ತದೆ, ಭಾರವೆಲ್ಲ ಎಡಗಾಲಿಗೆ ಬೀಳುತ್ತದೆ.

ಗೋಡೆಯ ಪರೀಕ್ಷೆಯಲ್ಲಿ ಅವನ ಎಡಗಾಲು 11 ಸೆಂ.ಮೀ., ಬಲಗಾಲು 6 ಸೆಂ.ಮೀ. ತೋರಿಸಿತೆನ್ನೋಣ. ವ್ಯತ್ಯಾಸ 5 ಸೆಂ.ಮೀ., ಅಂದರೆ ಸುಮಾರು 18 ಡಿಗ್ರಿ. ಬಿಗಿತ ಮೀನಖಂಡದ ಕೆಳಭಾಗದಲ್ಲಿ ಕಾಣುತ್ತದೆ, ಮುಂದೆ ಚಿವುಟುವುದಿಲ್ಲ. ಮಂಡಿಗಳನ್ನು ಮಲಗಿಕೊಂಡು ಮಡಿಸಿ ನೋಡಿದರೆ ಎರಡೂ ಕಡೆ ಹಿಮ್ಮಡಿ ಪೃಷ್ಠಕ್ಕೆ ತಾಗುತ್ತದೆ. ಆದ್ದರಿಂದ ಮಂಡಿಯ ದೋಷವಿಲ್ಲ.

ಈಗ ಅವನ ಬಲ ಹಿಮ್ಮಡಿಯ ಕೆಳಗೆ ಹಲಗೆಯ ತುಂಡುಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕು. 4 ಸೆಂ.ಮೀ. ಎತ್ತರ ಇಟ್ಟಾಗ ಅವನು ಕೈ ಕಟ್ಟಿಕೊಂಡು ಬೀಳದೆ ಕೂತನೆನ್ನೋಣ. ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗಿನ ಉದ್ದ ಸುಮಾರು 17 ಸೆಂ.ಮೀ. ಇರುವ ಪಾದದಲ್ಲಿ, ಹಿಮ್ಮಡಿಯನ್ನು 4 ಸೆಂ.ಮೀ. ಎತ್ತಿದರೆ ಪಾದ ಸುಮಾರು 13 ಡಿಗ್ರಿ ಮುಂದಕ್ಕೆ ಇಳಿಜಾರಾಗುತ್ತದೆ. ಹರಡಿನಲ್ಲಿ ಅವನಿಗೆ ಕೊರತೆಯಾಗಿರುವುದು ಇಷ್ಟೇ. ಎಡಗಾಲಿನ ಮಟ್ಟಕ್ಕೆ ಬರಲು 18 ಡಿಗ್ರಿ ಬೇಕಾದರೂ, ಎಡಗಾಲಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಸಡಿಲವಿದೆ. ಕೂರಲು 13 ಡಿಗ್ರಿ ಸಿಕ್ಕರೆ ಸಾಕು.

ಇನ್ನು ಅವನು ಮಾಡಬೇಕಾದುದು: ಬಲಪಾದವನ್ನು ನೆಲಕ್ಕೆ ಊರಿ, ಮಂಡಿ ಮಡಿಸಿ, ಹಿಮ್ಮಡಿ ಏಳದಂತೆ ಮೊಳಕಾಲನ್ನು ಬೆರಳುಗಳ ಆಚೆಗೆ ತಳ್ಳಿ, ಸೆಳೆತ ಕಂಡಲ್ಲಿ 30 ಸೆಕೆಂಡು ನಿಲ್ಲಬೇಕು. ಹೀಗೆ ನಾಲ್ಕೈದು ಬಾರಿ, ದಿನಕ್ಕೆ ಎರಡು ಹೊತ್ತು. ಜೊತೆಗೆ ಹಲಗೆಯ ಮೇಲೆ ಹಿಮ್ಮಡಿ ಇಟ್ಟು ಒಂದೆರಡು ನಿಮಿಷ ಕುಕ್ಕುರುಗಾಲಿನಲ್ಲಿ ಕೂರಬೇಕು. ಎರಡು ವಾರಕ್ಕೊಮ್ಮೆ ಗೋಡೆಯ ಅಳತೆ ತೆಗೆದು ಬರೆದಿಡಬೇಕು. ಅಳತೆ ಏರಿದಂತೆ ಹಲಗೆಯ ಎತ್ತರ ಇಳಿಸಬೇಕು. ಆರು ವಾರಗಳಲ್ಲಿ 6 ಸೆಂ.ಮೀ. ಇದ್ದುದು 7 ಅಥವಾ 7.5 ಆದರೂ ಅದು ಒಳ್ಳೆಯ ಪ್ರಗತಿಯೇ. ಎಳೆಯುವ ವ್ಯಾಯಾಮದಿಂದ ಕೆಲವು ವಾರಗಳಲ್ಲಿ ದೊರೆಯುವುದು ಕೆಲವೇ ಡಿಗ್ರಿ. ಎರಡು ಮೂರು ತಿಂಗಳು ಬಿಡದೆ ಮಾಡಿಯೂ ಅಳತೆ ಕದಲದಿದ್ದರೆ ತಡೆ ಸ್ನಾಯುವಿನಲ್ಲಿಲ್ಲ, ಕೀಲಿನೊಳಗಿದೆ ಎಂದು ತಿಳಿದು ಮೂಳೆ ವೈದ್ಯರಿಗೆ ತೋರಿಸಬೇಕು. ಪ್ಲಾಸ್ಟರ್ ಬಿಚ್ಚಿದ ಹೊಸತರಲ್ಲಿ ವೈದ್ಯರ ಅನುಮತಿಯಿಲ್ಲದೆ ಇವು ಯಾವುದನ್ನೂ ಆರಂಭಿಸಬಾರದು.

ಹೊಲದಲ್ಲಿ ಇಳಿಜಾರಿನ ಉಪಯೋಗ

ಹೊಲದಲ್ಲಿ ಹಲಗೆ ಹೊತ್ತು ತಿರುಗಲಾಗುವುದಿಲ್ಲ. ಅದರ ಕೆಲಸವನ್ನು ನೆಲದ ಇಳಿಜಾರೇ ಮಾಡಬಲ್ಲುದು. ಬದುವಿನ ಓರೆಯಲ್ಲಿ ಕೂರುವಾಗ ಇಳಿಜಾರಿನ ಕಡೆಗೆ ಮುಖ ಮಾಡಿ, ಹಿಮ್ಮಡಿ ಮೇಲಕ್ಕೂ ಬೆರಳು ಕೆಳಕ್ಕೂ ಇರುವಂತೆ ಕೂತರೆ ಹರಡಿನ ಮೇಲಿನ ಬೇಡಿಕೆ ಕಡಿಮೆಯಾಗುತ್ತದೆ. ಆರು ಅಡಿಗೆ ಒಂದು ಅಡಿ ಇಳಿಯುವ ಓರೆಯು ಸುಮಾರು 10 ಡಿಗ್ರಿ ಸಹಾಯ ಮಾಡುತ್ತದೆ. ಏರಿನ ಕಡೆಗೆ ಮುಖ ಮಾಡಿ ಕೂತರೆ ಅಷ್ಟೇ ಡಿಗ್ರಿ ಹೆಚ್ಚಿಗೆ ಬೇಕಾಗುತ್ತದೆ. ಸಮನೆಲದಲ್ಲಿ ಸರಿಯಾಗಿ ಕೂರಬಲ್ಲವನೂ ಅಲ್ಲಿ ಹಿಂದಕ್ಕೆ ವಾಲುತ್ತಾನೆ. ಹದವಾದ ಸಡಿಲ ಮಣ್ಣಿನಲ್ಲಿ ಹಿಮ್ಮಡಿ ಹೂತುಹೋಗುವುದರಿಂದಲೂ ಇದೇ ತೊಂದರೆಯಾಗುತ್ತದೆ. ಹಿಮ್ಮಡಿ ಎತ್ತರವಿರುವ ಚಪ್ಪಲಿ ಹಾಕಿಕೊಂಡಾಗ ಕೂರುವುದು ಸುಲಭವೆನಿಸುವುದೂ ಈ ಲೆಕ್ಕದಿಂದಲೇ.

ಎಷ್ಟು ಹೊತ್ತು ಕೂರಬಹುದು?

ಸಡಿಲವಾದ ಕೀಲುಗಳಿರುವವರಿಗೂ ಈ ಭಂಗಿಗೆ ಮಿತಿಯಿದೆ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಸಣ್ಣ ಮೂಳೆಯ ಗುಬ್ಬಿಯೊಂದಿದೆ. ಅದರ ಕೊರಳನ್ನು ಬಳಸಿಕೊಂಡು, ಚರ್ಮಕ್ಕೆ ತೀರ ಸಮೀಪದಲ್ಲಿ ಒಂದು ನರ ಹಾದುಹೋಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಆಜ್ಞೆ ಒಯ್ಯುವುದು ಈ ನರವೇ. ಮಂಡಿಯನ್ನು ಪೂರ್ತಿ ಮಡಿಸಿ ಬಹಳ ಹೊತ್ತು ಕೂತರೆ ಇದು ಎಳೆದು ಒತ್ತಲ್ಪಡುತ್ತದೆ. ಕುಕ್ಕುರುಗಾಲಿನಲ್ಲಿ ಗಂಟೆಗಟ್ಟಲೆ ಹಣ್ಣು ಬಿಡಿಸುವ, ಕಳೆ ಕೀಳುವ ಕೂಲಿಕಾರರಲ್ಲಿ ಇದರಿಂದ ಪಾದ ಜೋತುಬೀಳುವುದನ್ನು ವೈದ್ಯರು ಹಿಂದಿನಿಂದಲೂ ಗಮನಿಸಿದ್ದಾರೆ. ಪರದೇಶಗಳಲ್ಲಿ ಇದಕ್ಕೆ ಸ್ಟ್ರಾಬೆರಿ ಬಿಡಿಸುವವರ ಪಾರ್ಶ್ವವಾಯು ಎಂಬ ಹೆಸರೇ ಬಂದಿದೆ. ತೆಳ್ಳಗಿರುವವರಿಗೆ, ಕಾಯಿಲೆ ಅಥವಾ ಅರೆಹೊಟ್ಟೆಯಿಂದ ಬೇಗ ಮೈ ಇಳಿದವರಿಗೆ ಅಪಾಯ ಹೆಚ್ಚು, ಏಕೆಂದರೆ ನರವನ್ನು ಕಾಯುವ ಕೊಬ್ಬಿನ ಪದರ ಅವರಲ್ಲಿ ಕರಗಿರುತ್ತದೆ.

ಇದರ ಲಕ್ಷಣಗಳನ್ನು ತಿಳಿದಿರುವುದು ಅವಶ್ಯ. ಮೊದಲು ಕೆಳಗಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗ ಜೋಮು ಹಿಡಿಯುತ್ತವೆ. ಎದ್ದು ಓಡಾಡಿದ ಕೆಲವು ನಿಮಿಷಗಳಲ್ಲಿ ಇದು ಹೋದರೆ ಭಯವಿಲ್ಲ. ಜೋಮು ಹೋಗದೆ, ನಡೆಯುವಾಗ ಬೆರಳು ನೆಲಕ್ಕೆ ಎಡವಿದರೆ, ಚಪ್ಪಲಿ ಕಾಲಿನಿಂದ ಜಾರಿ ಬೀಳುತ್ತಿದ್ದರೆ, ಹಿಮ್ಮಡಿಯ ಮೇಲೆ ನಡೆಯಲು ಆಗದಿದ್ದರೆ ನರಕ್ಕೆ ಪೆಟ್ಟಾಗಿದೆ ಎಂದೇ ತಿಳಿಯಬೇಕು. ಆಗ ಮತ್ತೆ ಕುಕ್ಕುರುಗಾಲಿನಲ್ಲಿ ಕೂರದೆ, ಎಣ್ಣೆ ತಿಕ್ಕುತ್ತ ದಿನ ಕಳೆಯದೆ ವೈದ್ಯರನ್ನು ಕಾಣಬೇಕು. ಒತ್ತಡ ಬೇಗ ನಿಂತರೆ ಬಹಳ ಮಂದಿಗೆ ವಾರ ಅಥವಾ ತಿಂಗಳುಗಳಲ್ಲಿ ಶಕ್ತಿ ಮರಳುತ್ತದೆ. ಇದನ್ನು ತಡೆಯುವ ಉಪಾಯ ಸರಳ: ಕಳೆ ಕೀಳುವಾಗ 15-20 ನಿಮಿಷಕ್ಕೊಮ್ಮೆ, ಅಥವಾ ಸಾಲಿನ ಕೊನೆ ಬಂದಾಗಲೆಲ್ಲ, ಎದ್ದು ಕಾಲು ನೀಡಿ ನಾಲ್ಕು ಹೆಜ್ಜೆ ನಡೆಯುವುದು. ಇಲ್ಲವೆ ಒಂದು ಮಂಡಿಯನ್ನು ನೆಲಕ್ಕೆ ಊರಿ, ಆಗಾಗ ಕಾಲು ಬದಲಿಸುವುದು.

ಏಳುವಾಗಲೂ ಅವಸರ ಸಲ್ಲದು. ಕೂತಾಗ ಮಡಿದ ಕಾಲುಗಳ ರಕ್ತನಾಳಗಳು ಒತ್ತಿಕೊಂಡಿರುತ್ತವೆ. ತಟ್ಟನೆ ಎದ್ದರೆ ರಕ್ತವು ಕಾಲುಗಳಿಗೆ ಇಳಿದು, ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ವಯಸ್ಸಾದವರು, ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುವವರು ಏನಾದರೂ ಹಿಡಿದುಕೊಂಡು ನಿಧಾನವಾಗಿ ಏಳಬೇಕು.

ಮಂಡಿಯ ಸವೆತದ ಪ್ರಶ್ನೆ

ಕುಕ್ಕುರುಗಾಲಿನಲ್ಲಿ ಕೂತರೆ ಮಂಡಿ ಸವೆಯುತ್ತದೆಯೇ ಎಂಬುದು ಅನೇಕರ ಪ್ರಶ್ನೆ. ಚೀನಾದ ಬೀಜಿಂಗ್ ನಗರದ ವಯಸ್ಸಾದವರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಒಂದು ಮಟ್ಟಿನ ಉತ್ತರ ಕೊಡುತ್ತದೆ. 25ನೆಯ ವಯಸ್ಸಿನ ಸುಮಾರಿಗೆ ದಿನಕ್ಕೆ ಎಷ್ಟು ಹೊತ್ತು ಹೀಗೆ ಕೂರುತ್ತಿದ್ದರೆಂದು ಕೇಳಿ, ಅವರ ಮಂಡಿಗಳ ಎಕ್ಸ್-ರೇ ತೆಗೆದು ಹೋಲಿಸಲಾಯಿತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಕೂರುತ್ತಿದ್ದವರಲ್ಲಿ, ಅರ್ಧ ಗಂಟೆಗಿಂತ ಕಡಿಮೆ ಕೂರುತ್ತಿದ್ದವರಿಗಿಂತ ಮಂಡಿಯ ಸವೆತ ಹೆಚ್ಚಾಗಿ ಕಂಡಿತು. ಹಳೆಯ ದಿನಗಳನ್ನು ನೆನೆದು ಹೇಳಿದ ಲೆಕ್ಕ ಇದಾದುದರಿಂದ ಕೂರುವುದೇ ಸವೆತಕ್ಕೆ ಕಾರಣವೆಂದು ಇಷ್ಟರಿಂದಲೇ ತೀರ್ಮಾನಿಸಲಾಗದು. ಆದರೂ ದಿನದಲ್ಲಿ ನಾಲ್ಕಾರು ಬಾರಿ ಕೆಲವು ನಿಮಿಷ ಕೂತು ದಣಿವಾರಿಸಿಕೊಳ್ಳುವುದು ಬೇರೆ, ಗಂಟೆಗಟ್ಟಲೆ ಅದೇ ಭಂಗಿಯಲ್ಲಿ ದುಡಿಯುವುದು ಬೇರೆ ಎಂಬುದನ್ನು ಇದು ಸೂಚಿಸುತ್ತದೆ.

ಮಂಡಿಯಲ್ಲಿ ಊತ ಇರುವವರು, ಮಡಿಸಿದ ಮಂಡಿ ಸಿಕ್ಕಿಕೊಂಡು ಬಿಡಿಸಲಾಗದೆ ಹೋಗುವವರು, ಕೃತಕ ಮಂಡಿ ಹಾಕಿಸಿಕೊಂಡವರು ವೈದ್ಯರು ಹೇಳದ ಹೊರತು ಈ ಭಂಗಿಯ ಗೋಜಿಗೆ ಹೋಗಬಾರದು. ಕಳೆ ಕೀಳಲು ಅವರು ಗೇಣುದ್ದ ಎತ್ತರದ ಮಣೆಯ ಮೇಲೆ ಕೂರಬಹುದು, ಇಲ್ಲವೆ ನಿಂತು ಬಳಸುವ ಉದ್ದ ಹಿಡಿಯ ಕಳೆ ಸಾಧನವನ್ನು ಆರಿಸಿಕೊಳ್ಳಬಹುದು. ಉಳಿದವರು ಕೂರಲು ತೊಡಕು ಕಂಡಾಗ ಮಂಡಿಗೆ ಎಣ್ಣೆ ಹಚ್ಚುವ ಮೊದಲು ಗೋಡೆಯ ಮುಂದೆ ನಿಂತು ಎರಡೂ ಕಾಲುಗಳ ಅಳತೆ ತೆಗೆದು ನೋಡುವುದು ಒಳ್ಳೆಯದು.